ಹಸಿರು ಪುಸ್ತಕ, ನೀಲಿ ಪುಸ್ತಕ

ಇಳಕಲ್
12 ಫೆಬ್ರವರಿ 2025

ತಂಗಿ ಯುಡೋನ್‌ಗೆ, ಅಂದಾನಪ್ಪ ಮಾಡುವ ಶರಣು.

ನೀನು ಸ್ವೆಟರ್ ಅಂಗಡಿ ಕಿತ್ತು ಮುಂಡಗೋಡದ ನಿಮ್ಮ ಟಿಬೆಟನ್ ನಿರಾಶ್ರಿತರ ಕ್ಯಾಂಪಿಗೆ ಬಸ್ಸು ಹತ್ತಿ ಮೂರು ವಾರವಾಯಿತು. ಬಸ್ ಸ್ಟ್ಯಾಂಡಿನ ಎದುರಿನ ನಿನ್ನ ಜಾಗದಲ್ಲಿ ಈಗ ಕಲ್ಲಂಗಡಿ ಹಣ್ಣಿನವರು ಕುಳಿತಿದ್ದಾರೆ. ಫೋನು ಮಾಡೋಣವೆಂದರೆ ನನ್ನ ಕಿವಿ ನನಗಿಂತ ಮೊದಲೇ ನಿವೃತ್ತಿಯಾಗಿದೆ. ನೀನು ಆಡಿದ್ದು ನನಗೆ ಕೇಳಿಸದು, ನಾನು ಕೂಗಿದ್ದು ಇಡೀ ಓಣಿಗೆ ಕೇಳಿಸುತ್ತದೆ. ಅದಕ್ಕೇ ನನ್ನ ಮನೆಯಾಕೆ ಮಾದೇವಿ ಗದರಿದಳು: "ಕಾಗದಾ ಬರೀರಿ. ನೀವ ಕಲಿಸಿದ ಅಕ್ಷರ, ಓದ್ತಾಳ." ಇಪ್ಪತ್ತು ಚಳಿಗಾಲ ನಿನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಎದುರಿನ ಬೋರ್ಡುಗಳನ್ನು ಓದಿಸಿ ಓದಿಸಿ ನಿನಗೆ ಕನ್ನಡ ಬರೆಯಲು ಕಲಿಸಿದ್ದಕ್ಕೆ ಈಗ ಉಪಯೋಗ ಬಂತು ನೋಡು.

ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಬಾಗಲಕೋಟೆಗೆ ಹೋದಾಗ ನವನಗರದ ಆಸ್ಪತ್ರೆಯಲ್ಲಿ ನಿನ್ನ ಮಗಳು ನ್ಯಿಮಾ ಸಿಕ್ಕಳು. ನರ್ಸಿನ ಬಿಳಿ ಬಟ್ಟೆಯಲ್ಲಿ ನಮ್ಮ ನ್ಯಿಮಾ, ನೋಡಿ ಕಣ್ಣು ತುಂಬಿದವು. ಬೇವೂರಿನ ಸರಕಾರಿ ದವಾಖಾನೆಗೆ ಆರು ತಿಂಗಳು ತರಬೇತಿಗೆ ಹೋಗಿದ್ದಳಲ್ಲ, ಅಲ್ಲಿಯ ಬಾಣಂತಿಯರು ಇನ್ನೂ ಅವಳಿಗೆ ಫೋನು ಮಾಡುತ್ತಾರಂತೆ. ಒಬ್ಬ ಮುದುಕಿ ಡಾಕ್ಟರಿಗೇ ಹೇಳಿದಳಂತೆ, "ಈ ಹುಡಿಗಿನ್ನ ಎಲ್ಲಿಗೂ ಕಳಸಬ್ಯಾಡ್ರಿ, ಇಲ್ಲೇ ಇಟ್ಕೊಳ್ರಿ." ನ್ಯಿಮಾಳಿಗೂ ಅದೇ ಆಸೆ. ಈ ವರ್ಷದ ಕೊನೆಗೆ ಸರಕಾರಿ ನರ್ಸುಗಳ ನೇಮಕಕ್ಕೆ ಅರ್ಜಿ ಕರೆಯುತ್ತಾರಂತೆ. ಆದರೆ ಭಾರತದ ಪೌರರಿಗೆ ಮಾತ್ರ.

ನಾನು ಹುನಗುಂದದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಕಲಿಸಿದವನು. ಪೌರತ್ವ ಕಾಯ್ದೆಯ ಮೂರನೆಯ ಕಲಂ ನನಗೆ ಬಾಯಿಪಾಠ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಈ ನೆಲದ ಮೇಲೆ ಹುಟ್ಟಿದವರು, ತಂದೆ-ತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಪೌರರು. ನೀನು ಹುಟ್ಟಿದ್ದು 1984ರಲ್ಲಿ, ಮುಂಡಗೋಡದ ಆಸ್ಪತ್ರೆಯಲ್ಲಿ. ಅಂದರೆ ನೀನು ಪೌರಳೇ. ನ್ಯಿಮಾ ಹುಟ್ಟಿದ್ದು 2004ರ ಏಪ್ರಿಲ್‌ನಲ್ಲಿ. ಆ ಡಿಸೆಂಬರ್ ಮೂರರಿಂದ ನಿಯಮ ಇನ್ನೂ ಬಿಗಿಯಾಯಿತು, ಅದಕ್ಕೂ ಮೊದಲು ತಂದೆ ತಾಯಿಯಲ್ಲಿ ಒಬ್ಬರು ಪೌರರಾಗಿದ್ದರೆ ಸಾಕಿತ್ತು. ನೀನು ಪೌರಳೆಂದು ಕಾಗದದ ಮೇಲೆ ಬಂದ ದಿನ ಅವಳೂ ಬಂದಂತೆ. ನೀನು ಒಂದು ಹೆಜ್ಜೆ ಇಟ್ಟರೆ ಅವಳು ಬೇವೂರಿನಲ್ಲಿ.

ತಡ ಮಾಡಬೇಡ. ಪಾಸ್‌ಪೋರ್ಟಿಗೆ ಅರ್ಜಿ ಹಾಕು. ಡಿಸೆಂಬರಿನಲ್ಲಿ ನಗರಸಭೆಯ ಬೀದಿ ವ್ಯಾಪಾರದ ಚೀಟಿಗೆ ನಾನೇ ಅರ್ಜಿ ತುಂಬಿ ಕೊಟ್ಟೆನಲ್ಲ, ಹಾಗೆ ಇದನ್ನೂ ತುಂಬಿಕೊಡುತ್ತೇನೆ.

ನಿನ್ನ
ಅಂದಾನಪ್ಪ

ಮುಂಡಗೋಡ, ಆರನೆಯ ಕ್ಯಾಂಪ್
6 ಮಾರ್ಚ್ 2025

ಅಂದಾನಪ್ಪ ಸರ್ ಅವರಿಗೆ ಯುಡೋನ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ನಮ್ಮ ಅಮಾಲಾಗೆ ಓದಿ ಹೇಳಿದೆ. ಅಮಾಲಾ ಎಂದರೆ ಅಮ್ಮ ಎಂದು ನಿಮಗೆ ಗೊತ್ತು. ಬೇವೂರಿನ ಮುದುಕಿಯ ಮಾತು ಕೇಳಿ ಅವಳಿಗೆ ಬಹಳ ಖುಷಿಯಾಯಿತು.

ಇಲ್ಲಿ ಹೊಸ ವರ್ಷ, ನಮ್ಮ ಲೋಸಾರ್, ಮುಗಿಯಿತು. ಮೆಕ್ಕೆಜೋಳದ ಹೊಲ ಖಾಲಿ ಇದೆ. ಮೊನ್ನೆ ಜಿಲ್ಲಾ ಕಚೇರಿಗೆ ಹೋಗಿ ಬಂದೆ, ಸ್ವಲ್ಪ ಕೆಲಸವಿತ್ತು. ಪಾಸ್‌ಪೋರ್ಟ್ ವಿಷಯ ನೋಡೋಣ ಸರ್. ಅವಸರ ಬೇಡ.

ಒಂದು ಮಾತು ಕೇಳಲೇ. ನೀವು ಕಾಲೇಜಿನಲ್ಲಿ ಪಾಠ ಮಾಡುವಾಗ, ಪ್ರಭುತ್ವ ಬೇರೆ, ರಾಷ್ಟ್ರ ಬೇರೆ ಎಂದು ಹೇಳುತ್ತಿದ್ದೆ ಎಂದು ಒಮ್ಮೆ ಅಂದಿದ್ದಿರಿ. ಅವತ್ತು ಗಿರಾಕಿ ಬಂದು ಮಾತು ಅರ್ಧಕ್ಕೆ ನಿಂತಿತು. ಪೂರ್ತಿ ಬರೆಯಿರಿ. ಓದುವ ಆಸೆ ಇದೆ.

ಮಾದೇವಕ್ಕನಿಗೆ ನಮಸ್ಕಾರ.

ಯುಡೋನ್

ಇಳಕಲ್
15 ಮಾರ್ಚ್ 2025

ತಂಗಿ ಯುಡೋನ್‌ಗೆ, ಶರಣು.

ಪಾಠ ಮಾಡು ಎಂದು ಕೇಳಿಕೊಂಡು ಬರೆದವರು ನನ್ನ ಜೀವನದಲ್ಲಿ ನೀನೊಬ್ಬಳೇ. ವಿದ್ಯಾರ್ಥಿಗಳು ಯಾವಾಗಲೂ "ಬೆಲ್ ಆತ್ರಿ ಸರ್" ಎನ್ನುತ್ತಿದ್ದರು. ಹೀಗಾಗಿ ಉದ್ದ ಬರೆಯುತ್ತೇನೆ, ತಪ್ಪು ನಿನ್ನದೇ.

ಪಠ್ಯದಲ್ಲಿ 'ರಾಜ್ಯ' ಎಂದು ಬರೆಯುತ್ತಾರೆ. ಕರ್ನಾಟಕ ರಾಜ್ಯದ ಜೊತೆ ಹುಡುಗರು ಕಲಸಿಬಿಡುತ್ತಿದ್ದರೆಂದು ನಾನು 'ಪ್ರಭುತ್ವ' ಎನ್ನುತ್ತಿದ್ದೆ. ಪ್ರಭುತ್ವಕ್ಕೆ ನಾಲ್ಕು ಬೇಕು: ಜನ, ಗೊತ್ತಾದ ನೆಲ, ಸರಕಾರ, ಮತ್ತು ತನ್ನ ಮೇಲೆ ಇನ್ನೊಬ್ಬರ ಅಪ್ಪಣೆ ಇಲ್ಲದ ಪರಮಾಧಿಕಾರ. ಅದು ಕಾಯ್ದೆ ಮಾಡುತ್ತದೆ, ತೆರಿಗೆ ಎತ್ತುತ್ತದೆ, ಮಾತು ಕೇಳದವರನ್ನು ಜೈಲಿಗೆ ಹಾಕುತ್ತದೆ. ರಾಷ್ಟ್ರ ಹಾಗಲ್ಲ. ಅದು 'ನಾವು' ಎಂದುಕೊಳ್ಳುವ ಜನ. ಒಂದೇ ಭಾಷೆಯಿಂದ ಆ ಭಾವನೆ ಬರಬಹುದು, ಧರ್ಮದಿಂದ ಬರಬಹುದು, ಕೂಡಿ ಪಟ್ಟ ಕಷ್ಟದ ನೆನಪಿನಿಂದಲೂ ಬರಬಹುದು. ಯಾವುದೂ ಕಡ್ಡಾಯವಲ್ಲ. ಮುಖ ನೋಡದ ಲಕ್ಷ ಜನರನ್ನು 'ನಮ್ಮವರು' ಎಂದುಕೊಂಡರೆ ಅದು ರಾಷ್ಟ್ರ. ಅದಕ್ಕೆ ಪೊಲೀಸರಿಲ್ಲ, ಗಡಿಗೂಟವಿಲ್ಲ.

ಇದು ಪುಸ್ತಕದ ಮಾತು. ನಮ್ಮ ಅವ್ವನ ಮಾತು ಕೇಳು. ಅವ್ವ ಗುರುಲಿಂಗವ್ವನ ತವರು ಹನುಮಸಾಗರ, ಇಲ್ಲಿಂದ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ. ಆದರೆ ಇಳಕಲ್ಲು ಮುಂಬಯಿ ಪ್ರಾಂತದ್ದು, ಬ್ರಿಟಿಷರದು. ಹನುಮಸಾಗರ ನಿಜಾಮರದು. ಅಲ್ಲಿಯ ರೂಪಾಯಿ ಬೇರೆ, ಅಂಚೆ ಚೀಟಿ ಬೇರೆ, ನಡುವೆ ಸುಂಕದ ನಾಕಾ. ಎರಡೂ ಕಡೆ ಅದೇ ಜೋಳದ ರೊಟ್ಟಿ, ಅದೇ ಮಾತು, ಅದೇ ಬಸವಣ್ಣನ ಹೆಸರು. 1947ರ ಆಗಸ್ಟಿನಲ್ಲಿ ಇಳಕಲ್ಲಿನಲ್ಲಿ ಧ್ವಜ ಏರಿತು. ಹನುಮಸಾಗರದಲ್ಲಿ ಅದೇ ಧ್ವಜ ಹಿಡಿದರೆ ಜೈಲು. ಹದಿಮೂರು ತಿಂಗಳು ಹಾಗೆ ನಡೆಯಿತು. ಮರುವರ್ಷದ ಪಂಚಮಿಗೆ ಅವ್ವನನ್ನು ಕರೆಯಲು ಬಂದ ಅಣ್ಣನನ್ನು ನಾಕಾದಲ್ಲಿ ತಡೆದರು. ಅವ್ವ ಸಾಯುವವರೆಗೂ ಹೇಳುತ್ತಿದ್ದಳು: "ಅಂವ ಹಳ್ಳದ ಆ ದಂಡಿಗಿ, ನಾ ಈ ದಂಡಿಗಿ. ಉಂಡಿ ಡಬ್ಬಿ ಕೈಯಾಗ ಹಿಡ್ಕೊಂಡ ನಿಂತಿದ್ದ. ತವರ್ಮನಿ ಪರದೇಶ ಆಗಿತ್ತ ನೋಡಪಾ." ಆಗ ಅವಳಿಗೆ ಹದಿನೈದು ವರ್ಷ.

ನಂತರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತ ಸೇರಿತು. 1956ರಲ್ಲಿ ಎರಡೂ ಊರು ಒಂದೇ ರಾಜ್ಯದೊಳಗೆ ಬಂದವು. ಅಂದರೆ ಪ್ರಭುತ್ವ ಮತ್ತು ರಾಷ್ಟ್ರ ಹೊಂದದಿದ್ದರೂ ಕಾಲ ಬಂದಾಗ ಕಾಗದ ಸರಿಯಾಗುತ್ತದೆ. ನಿನ್ನ ಕಾಲ ಬಂದಿದೆ. ನಿನಗೆ ಫಾರ್ಮುಗಳ ಹೆದರಿಕೆ ಎಂದು ನನಗೆ ಗೊತ್ತು. ಬೇಕಾದ ಕಾಗದಗಳ ಪಟ್ಟಿ ಮಾಡಿ ಜೊತೆಗೆ ಇಟ್ಟಿದ್ದೇನೆ. ಮೊದಲನೆಯದು ನಿನ್ನ ಜನನ ಪ್ರಮಾಣಪತ್ರ.

ಅಂದಾನಪ್ಪ

ಇಳಕಲ್
30 ಏಪ್ರಿಲ್ 2025

ತಂಗಿ ಯುಡೋನ್‌ಗೆ, ಶರಣು.

ಆರು ವಾರವಾದರೂ ನಿನ್ನ ಕಾಗದವಿಲ್ಲ. ನನ್ನ ಪಾಠ ಅಷ್ಟು ನೀರಸವಾಗಿತ್ತೇ. ಅಥವಾ ಜನವರಿಯಲ್ಲಿ ಕಂದು ಸ್ವೆಟರಿನ ತೋಳು ಉದ್ದವಾಯಿತೆಂದು ಮೂರು ಸಲ ಬದಲಿಸಿದ್ದಕ್ಕೆ ಇನ್ನೂ ಸಿಟ್ಟೇ. ನಾಲ್ಕನೆಯ ಸಲ ಬದಲಿಸುವುದಿಲ್ಲ, ಮಾತು ಕೊಡುತ್ತೇನೆ.

ನ್ಯಿಮಾಳನ್ನು ಕೇಳಿದರೆ "ಅಮ್ಮ ಆರಾಮ ಅದಾಳ್ರಿ ಅಜ್ಜಾರ" ಎಂದು ಬೇರೆ ಕಡೆ ನೋಡಿದಳು. ಆ ನೋಟ ನನಗೆ ಸರಿ ಕಾಣಲಿಲ್ಲ. ಮಾದೇವಿ ಅನ್ನುತ್ತಾಳೆ, "ನೀವ ಏನರ ಮಾಡಿರಬೇಕು. ಆಕಿ ಸುಮ್ಮಸುಮ್ಮಕ ಬಾಯಿ ಮುಚ್ಚಕೊಳ್ಳು ಪೈಕಿ ಅಲ್ಲ." ನಾನೇನು ಮಾಡಿದ್ದೇನೆ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ಎರಡೇ ಸಾಲು ಬರೆ.

ಅಂದಾನಪ್ಪ

ಮುಂಡಗೋಡ
18 ಮೇ 2025

ಸರ್ ಅವರಿಗೆ ನಮಸ್ಕಾರಗಳು.

ಬರೆಯಬಾರದೆಂದು ಅಲ್ಲ, ಬರೆದರೆ ನಿಮಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ. ಮೂರು ಸಲ ಬರೆದು ಹರಿದೆ. ಈಗ ಬರೆಯುತ್ತೇನೆ.

ನಮಗೆಲ್ಲ ಆರ್.ಸಿ. ಎಂಬ ನೋಂದಣಿ ಪುಸ್ತಕ ಇದೆ, ನೀವು ನೋಡಿದ್ದೀರಿ. ಭಾರತದಲ್ಲಿ ಇರಲು ಪರವಾನಗಿ ಪಡೆದ ಪರದೇಶದವಳು ಎಂದು ಅದರ ಅರ್ಥ. ಅದು ಇಲ್ಲದಿದ್ದರೆ ಚಳಿಗಾಲದಲ್ಲಿ ಇಳಕಲ್ಲಿಗೆ ಬಂದು ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕಿ ಅಂಗಡಿ ಇಡಲು ಆಗುವುದಿಲ್ಲ. ಮಾರ್ಚ್ ಮೊದಲ ವಾರ ಅದನ್ನು ನವೀಕರಿಸಲು ಹೋದೆ. ವ್ಯಾಪಾರಕ್ಕೆ ಪುರಾವೆ ಕೇಳಿದರು. ನಗರಸಭೆಯ ಚೀಟಿಯನ್ನೂ ನೀವು ತುಂಬಿದ ಅರ್ಜಿಯ ಪ್ರತಿಯನ್ನೂ ಕೊಟ್ಟೆ. ನೀವೇ ತುಂಬಿದ್ದರಿಂದ ನಾನು ಓದಿರಲಿಲ್ಲ, ಬರೀ ಸಹಿ ಮಾಡಿದ್ದೆ. ಅಲ್ಲಿಯ ಸಾಹೇಬರು ಓದಿದರು. ಪೌರತ್ವದ ಕಾಲಂನಲ್ಲಿ ನಿಮ್ಮ ದುಂಡನೆಯ ಅಕ್ಷರದಲ್ಲಿ 'ಭಾರತೀಯ, ಜನ್ಮತಃ' ಎಂದಿತ್ತು.

ಅವರು ಒಳ್ಳೆಯವರು, ಜೋರು ಮಾಡಲಿಲ್ಲ. "ನೋಡಮ್ಮ, ಒಂದು ಸರಕಾರಿ ಕಾಗದದಲ್ಲಿ ಭಾರತೀಯಳು, ಇನ್ನೊಂದರಲ್ಲಿ ಪರದೇಶದವಳು. ಎರಡೂ ಖರೆ ಇರೋಕೆ ಸಾಧ್ಯವಿಲ್ಲ. ನೀವು ಭಾರತೀಯರಾದರೆ ಈ ಆರ್.ಸಿ. ನಿಮಗೆ ಕೊಡೋ ಹಾಗಿಲ್ಲ. ಅಲ್ಲದಿದ್ದರೆ ಅಲ್ಲಿ ಸುಳ್ಳು ಬರೆದಂತಾಯಿತು. ಲಿಖಿತ ವಿವರಣೆ ಕೊಡಿ" ಎಂದರು. ಪುಸ್ತಕ ಇಟ್ಟುಕೊಂಡಿದ್ದಾರೆ. ಜೂನ್ ಹದಿನೈದರ ತನಕ ಸಮಯ.

ನೀವು ಕೆಟ್ಟ ಮನಸ್ಸಿನಿಂದ ಬರೆದಿಲ್ಲ, ನನಗೆ ಗೊತ್ತು. ಕಾಯ್ದೆಯ ಲೆಕ್ಕದಲ್ಲಿ ನೀವು ಬರೆದದ್ದು ಸರಿಯೇ ಇರಬಹುದು. ಆದರೆ ನನ್ನನ್ನು ಕೇಳಲಿಲ್ಲ ಸರ್.

ನನಗೆ ಫಾರ್ಮಿನ ಹೆದರಿಕೆ ಇಲ್ಲ. ಇಪ್ಪತ್ತು ವರ್ಷ ಎಷ್ಟು ಫಾರ್ಮು ತುಂಬಿಲ್ಲ ನಾನು. ಕಾಯ್ದೆ ಕೊಡುವುದನ್ನು ಪಡೆಯಲು ಬೇರೆ ಷರತ್ತುಗಳಿವೆ. 2017ರಲ್ಲಿ ಬಂದ ಸೂಚನೆಯ ಪ್ರಕಾರ ಪಾಸ್‌ಪೋರ್ಟು ಬೇಕೆನ್ನುವವರು ಆರ್.ಸಿ. ಒಪ್ಪಿಸಬೇಕು, ಕ್ಯಾಂಪಿನಲ್ಲಿ ವಾಸ ಮಾಡಬಾರದು, ಹಿಮಾಚಲದ ಧರ್ಮಶಾಲೆಯಲ್ಲಿರುವ ನಮ್ಮ ಟಿಬೆಟನ್ ಆಡಳಿತದಿಂದ ಸಿಗುವ ಸಹಾಯ ಬಿಡುತ್ತೇನೆಂದು ಬರೆದುಕೊಡಬೇಕು. ಎಷ್ಟು ಬಿಗಿಯಾಗಿ ನಡೆಸುತ್ತಾರೋ ಯಾರಿಗೂ ಖಚಿತವಿಲ್ಲ. ಆದರೆ ನಾನು ಹುಟ್ಟಿದ ಮನೆ ಇದು. ಇದರ ನೆಲ ನಮ್ಮದಲ್ಲ, ಸರಕಾರ ಕ್ಯಾಂಪಿಗೆ ಕೊಟ್ಟದ್ದು. ಕಾಡು ಕಡಿದು ಮನೆ ಕಟ್ಟಿದವರು ನಮ್ಮ ಅಪ್ಪ, ಅಮಾಲಾ.

ನಿಮ್ಮ ಅವ್ವನ ಕಥೆ ಓದಿ ಅತ್ತೆ. ಆದರೆ ನಿಮ್ಮ ಅವ್ವನಿಗೆ ಹಳ್ಳದ ಆಚೆ, ಈಚೆ ಇದ್ದದ್ದು ಒಂದೇ ಜನ. ಗೆರೆ ಅಳಿಸಿದಾಗ ಅವರು ಕೂಡಿಕೊಂಡರು, ಯಾವ 'ನಾವು' ಅನ್ನೂ ಬಿಟ್ಟು ಬಾ ಎಂದು ಅವರಿಗೆ ಯಾರೂ ಹೇಳಲಿಲ್ಲ. ನನಗೆ ಹೇಳುತ್ತಿದ್ದಾರೆ. ನೀವು ಬರೆದ ನಾಲ್ಕರಲ್ಲಿ ನಮಗೆ ಜನ ಇದ್ದಾರೆ. ಮತ ಹಾಕಿ ಆರಿಸುವ ಆಡಳಿತವೂ ಇದೆ. ನೆಲ ಇಲ್ಲ, ಪರಮಾಧಿಕಾರ ಇಲ್ಲ. ಪ್ರಭುತ್ವ ಇಲ್ಲದವರಿಗೆ 'ನಾವು' ಒಂದೇ ಆಸ್ತಿ. ಅದನ್ನು ಬಿಟ್ಟವಳು ಎಂದು ಓಣಿಯಲ್ಲಿ ಯಾರಾದರೂ ನೋಡಿದರೆ ನಾನು ತಡೆಯಲಾರೆ.

ನ್ಯಿಮಾಳಿಗೆ ಆರ್.ಸಿ. ವಿಷಯ ಗೊತ್ತು. ನಿಮಗೆ ಹೇಳಬೇಡ ಎಂದು ನಾನೇ ಹೇಳಿದ್ದೆ.

ಯುಡೋನ್

ಇಳಕಲ್
2 ಜೂನ್ 2025

ತಂಗಿ ಯುಡೋನ್‌ಗೆ,

ನಿನ್ನ ಕಾಗದವನ್ನು ಮಾದೇವಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಭಾಳ ಶಾಣ್ಯಾ ಅದೀರಿ. ಮೂವತ್ತ ವರ್ಷ ಬ್ಯಾರೆ ಬ್ಯಾರೆ ಅಂತ ಹೇಳಕೋತ ಬಂದ್ರಿ, ಬರಿಯೂ ಮುಂದ ಎರಡೂ ಒಂದ ಮಾಡಿ ಬಿಟ್ರಿ. ಆಕಿನ್ನ ಒಂದ ಮಾತ ಕೇಳಿದ್ರ ನಿಮ್ಮ ಗಂಟೇನ ಹೋಗತಿತ್ತು?"

ನನಗೆ ನಾಚಿಕೆಯಾಗಿದೆ. ನೇರವಾಗಿ ಬರೆಯುತ್ತೇನೆ, ತಪ್ಪಾಯಿತು.

ಮರುದಿನವೇ ನಗರಸಭೆಗೆ ಹೋದೆ. ಅಲ್ಲಿಯ ಗುಮಾಸ್ತ ದುರಗಪ್ಪ ನನ್ನ ಹಳೆಯ ವಿದ್ಯಾರ್ಥಿ. ಅರ್ಜಿ ತೆಗೆಸಿ ನೋಡಿದೆ, ನನ್ನದೇ ಅಕ್ಷರ. ಯಾಕೆ ಬರೆದೆ ಎಂದು ನಿನಗೆ ಹೇಳಬೇಕು. ಕಾಯ್ದೆ ಗೊತ್ತಿದ್ದ ಸೊಕ್ಕು ಅರ್ಧ. ಇನ್ನರ್ಧ, ಇಪ್ಪತ್ತು ವರ್ಷ ನಮ್ಮ ಓಣಿಯ ಮದುವೆಗಳಲ್ಲಿ ಊಟ ಬಡಿಸಿದವಳನ್ನು 'ಪರದೇಶದವಳು' ಎಂದು ಬರೆಯಲು ಕೈ ಏಳಲಿಲ್ಲ. ನಮ್ಮವಳು ಎಂದು ಹೇಳುವ ಕಾಲಂ ಆ ಫಾರ್ಮಿನಲ್ಲಿ ಇರಲಿಲ್ಲ. ಇದ್ದ ಕಾಲಂನಲ್ಲಿ ಅದನ್ನು ತುರುಕಿದೆ.

ನೋಟರಿ ವಕೀಲರ ಹತ್ತಿರ ಅಫಿಡವಿಟ್ ಮಾಡಿಸಿದ್ದೇನೆ: ಈ ಅರ್ಜಿಯನ್ನು ನಾನು, ಮೂರನೆಯ ಕಲಂ ಬಗ್ಗೆ ನನಗಿರುವ ತಿಳಿವಳಿಕೆಯಿಂದ, ಅರ್ಜಿದಾರಳನ್ನು ಕೇಳದೆ ತುಂಬಿದ್ದೇನೆ, ಅವಳು ಓದದೆ ಸಹಿ ಮಾಡಿದ್ದಾಳೆ, ಮೋಸದ ಉದ್ದೇಶವಿಲ್ಲ ಎಂದು. ಅದನ್ನು ಹಿಡಿದುಕೊಂಡು ನಾನೇ ನಿನ್ನ ಜಿಲ್ಲಾ ಕಚೇರಿಗೆ ಬರುತ್ತೇನೆ. ಹತ್ತನೆಯ ತಾರೀಖು ಬೆಳಿಗ್ಗೆ ಅಲ್ಲಿ ಇರುತ್ತೇನೆ. ನನಗೆ ಕೇಳಿಸದಿದ್ದರೆ ಸಾಹೇಬರು ಬರೆದು ತೋರಿಸಲಿ.

ಪಾಸ್‌ಪೋರ್ಟ್ ಬಗ್ಗೆ ಇನ್ನು ನಾನು ಒಂದಕ್ಷರ ಒತ್ತಾಯಿಸುವುದಿಲ್ಲ.

ಮಾರ್ಚ್ ತಿಂಗಳ ನನ್ನ ಪಾಠವೂ ತಪ್ಪಿತ್ತು. ಕಾಲ ಬಂದಾಗ ಕಾಗದ ಸರಿಯಾಗುತ್ತದೆ ಎಂದು ಬರೆದಿದ್ದೆ. ಎಲ್ಲಿ ಸರಿಯಾಗುತ್ತದೆ. ಬಾದಾಮಿಯ ಮೇಣಬಸದಿಗೆ ನಾವೆಲ್ಲ ಹೋಗಿದ್ದೆವಲ್ಲ, ಅಲ್ಲಿಯ ಚಾಲುಕ್ಯರು ನರ್ಮದೆಯವರೆಗೆ ಆಳಿದರು. ನರ್ಮದೆಯ ದಂಡೆಯವರು ಕನ್ನಡಿಗರಾಗಲಿ ಎಂದು ಅವರು ಕೇಳಲಿಲ್ಲ. ಕಪ್ಪ ಕೊಟ್ಟರೆ ಸಾಕಿತ್ತು. ಪ್ರಭುತ್ವ ಮತ್ತು ರಾಷ್ಟ್ರ ಒಂದೇ ಆಗಬೇಕು ಎಂಬ ಹಟ ಹುಟ್ಟಿ ಇನ್ನೂರು-ಮುನ್ನೂರು ವರ್ಷವಾಗಿರಬಹುದು ಅಷ್ಟೇ. ಆದರೆ ಗಡಿಗಳನ್ನು ಎಳೆದದ್ದು ಯುದ್ಧ ಗೆದ್ದವರು, ಒಪ್ಪಂದ ಮಾಡಿದವರು. ಅವರ ಪೆನ್ಸಿಲ್ಲಿಗೆ ಊರವರ ಮಾತು ಗೊತ್ತಿರಲಿಲ್ಲ. ಕುರ್ದರು ನಾಲ್ಕು ಪ್ರಭುತ್ವಗಳಲ್ಲಿ ಹಂಚಿಹೋದರು. ಕೊರಿಯಾದವರು ಒಂದೇ ಜನ, ಎರಡು ಪ್ರಭುತ್ವ. ವಿಶ್ವಸಂಸ್ಥೆಯಲ್ಲಿ ಕುರ್ಚಿ ಇರುವುದು ನೂರ ತೊಂಬತ್ಮೂರು, ಜಗತ್ತಿನಲ್ಲಿ ಭಾಷೆಗಳೇ ಸಾವಿರಗಟ್ಟಲೆ.

ಪ್ರತಿಯೊಬ್ಬರಿಗೂ ಒಂದೊಂದು ಪ್ರಭುತ್ವ ಕೊಟ್ಟರೆ ಮುಗಿಯುತ್ತದಲ್ಲ ಎಂದು ಕ್ಲಾಸಿನಲ್ಲಿ ವಿಜಯಮಹಾಂತೇಶ ಎಂಬ ಹುಡುಗ ಕೇಳಿದ್ದ. ನಮ್ಮ ಓಣಿಯನ್ನೇ ನೋಡು ಎಂದಿದ್ದೆ. ನೇಕಾರರು, ಕಲ್ಲು ಪಾಲಿಶ್ ಮಾಡುವವರು, ಮರಾಠಿ ಮಾತಾಡುವವರು, ಉರ್ದು ಮಾತಾಡುವ ಅಹ್ಮದಸಾಬರು, ಒಂದೇ ನಳಕ್ಕೆ ಸರದಿ ಹಚ್ಚುತ್ತಾರೆ. ಗೆರೆ ಎಲ್ಲಿ ಎಳೆಯುತ್ತೀ. ಎಲ್ಲಿ ಎಳೆದರೂ ಆಚೆ ಸ್ವಲ್ಪ ಜನ ಉಳಿಯುತ್ತಾರೆ, ಅವರು ನಾಳೆ ಇನ್ನೊಂದು ಗೆರೆ ಕೇಳುತ್ತಾರೆ. ಅದಕ್ಕೇ ಈ ದೇಶ ಕಟ್ಟಿದವರು ಇನ್ನೊಂದು ದಾರಿ ಹಿಡಿದರು: ಪ್ರಭುತ್ವ ಒಂದು, ಅದರೊಳಗೆ 'ನಾವು' ಹಲವು. ಅದು ಯಾವಾಗಲೂ ಸರಳವಾಗಿ ನಡೆದಿಲ್ಲ. ಆದರೂ ಅದನ್ನು ನಾನು ಮೆಚ್ಚುತ್ತೇನೆ. ಆ ಹಲವಿನೊಳಗೆ ನಿನ್ನದೂ ಒಂದಿರಲು ಜಾಗ ಇದೆಯೋ ಇಲ್ಲವೋ, ಅದನ್ನು ಹೇಳಬೇಕಾದವಳು ನೀನು.

ನಿನ್ನ ತಪ್ಪಿತಸ್ಥ
ಅಂದಾನಪ್ಪ

ಮುಂಡಗೋಡ
24 ಆಗಸ್ಟ್ 2025

ಸರ್ ಅವರಿಗೆ ನಮಸ್ಕಾರಗಳು.

ಆರ್.ಸಿ. ನವೀಕರಣವಾಗಿ ಕೈಗೆ ಬಂತು. ಅವತ್ತು ಕಚೇರಿಯಲ್ಲಿ ನೀವು ಕಿವಿ ಕೇಳಿಸದೆ ಎದ್ದು ನಿಂತು, "ತಪ್ಪು ನಂದರಿ ಸಾಹೇಬ್ರ, ಈಕಿದಲ್ಲ" ಎಂದು ಜೋರಾಗಿ ಹೇಳಿದಾಗ ಇಡೀ ಕಚೇರಿ ತಿರುಗಿ ನೋಡಿತು. ಎಪ್ಪತ್ತೆರಡು ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಬಂದಿರಿ. ನನ್ನ ಸಿಟ್ಟು ಅಲ್ಲಿಯೇ ಹೋಯಿತು. ನೀವು ಮರಳಿ ಹೋದ ಮೇಲೆ ಸಾಹೇಬರು, "ಯಾರಮ್ಮ ಅವರು, ನಿಮಗೆ ಸಂಬಂಧವೇ" ಎಂದು ಕೇಳಿದರು. ಹೌದು ಎಂದೆ.

ಎರಡು ತಿಂಗಳು ಯಾಕೆ ಬರೆಯಲಿಲ್ಲವೆಂದರೆ, ಈ ಸಲ ನಾನೇ ಯೋಚಿಸುತ್ತಿದ್ದೆ. ಆರ್.ಸಿ. ವಾಪಸ್ ಬಂದ ಮೇಲೆ ನನಗೆ ಯಾರ ಒತ್ತಾಯವೂ ಇರಲಿಲ್ಲ. ಹಾಗಿದ್ದಾಗಲೇ ನಿರ್ಧಾರ ಮಾಡಬೇಕು ಎನ್ನಿಸಿತು.

ನ್ಯಿಮಾ ರಜೆಗೆ ಬಂದಿದ್ದಳು. "ನಿನ್ನ ಮನೆ ಕಳೆದು ನನಗೆ ನೌಕರಿ ಬೇಡ" ಎಂದಳು. ದೊಡ್ಡ ಜಗಳವಾಯಿತು. ಅವಳು ಹಾಗೆ ಹೇಳಿದ್ದರಿಂದಲೇ ನನ್ನ ಮನಸ್ಸು ಗಟ್ಟಿಯಾಯಿತು. ಬೇವೂರಿನಲ್ಲಿ ಅವಳಿಗಾಗಿ ಕಾಯುವ ಜನ ಇದ್ದಾರೆ. ಅವರೂ ಅವಳ 'ನಾವು' ಆಗಿದ್ದಾರೆ. ನಾನು ನನ್ನದನ್ನು ಉಳಿಸಿಕೊಳ್ಳಲು ಅವಳದನ್ನು ಕಸಿಯಲಾರೆ.

ಮೊದಲು ಕ್ಯಾಂಪಿನ ಕಚೇರಿಗೆ ಹೋದೆ. ಅಲ್ಲಿ ನಮ್ಮ ಹಸಿರು ಪುಸ್ತಕ ನೋಡಿಕೊಳ್ಳುವ ಹಿರಿಯರಿದ್ದಾರೆ. ನಿಮಗೆ ಇದನ್ನು ಹೇಳಿರಲಿಲ್ಲ. ಟಿಬೆಟಿನವರೆಲ್ಲ, ಯಾವ ದೇಶದಲ್ಲೇ ಇರಲಿ, ವರ್ಷಕ್ಕೊಮ್ಮೆ ನಮ್ಮ ಆಡಳಿತಕ್ಕೆ ಸ್ವಲ್ಪ ಕಾಣಿಕೆ ಕೊಡುತ್ತೇವೆ, ಆ ಪುಸ್ತಕದಲ್ಲಿ ಮುದ್ರೆ ಬೀಳುತ್ತದೆ. ಆ ಪುಸ್ತಕ ಇದ್ದರೆ ಮತ ಹಾಕಬಹುದು. ಕೊಡದಿದ್ದರೆ ಪೊಲೀಸರು ಬರುವುದಿಲ್ಲ, ಜಪ್ತಿ ಇಲ್ಲ. ಆದರೂ ಅಮಾಲಾ ಇಂದಿಗೂ ಒಂದು ವರ್ಷ ತಪ್ಪಿಸಿಲ್ಲ. "ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡರೆ ಇದನ್ನೂ ಕೊಟ್ಟುಬಿಡಬೇಕೇ" ಎಂದು ಕೇಳಿದೆ. ಅವರು ನಕ್ಕರು. "ಅಮೆರಿಕದ ಪಾಸ್‌ಪೋರ್ಟ್ ಇರುವವರು ನ್ಯೂಯಾರ್ಕಿನಲ್ಲಿ ಕುಳಿತು ಇದಕ್ಕೆ ಮುದ್ರೆ ಹಾಕಿಸುತ್ತಾರೆ. ಪಾಸ್‌ಪೋರ್ಟನ್ನು ಸರಕಾರ ಕೊಡುತ್ತದೆ, ಸರಕಾರ ತೆಗೆದುಕೊಳ್ಳುತ್ತದೆ. ಇದನ್ನು ತೆಗೆದುಕೊಳ್ಳುವವರು ಯಾರು? ನೀನೇ ಬಿಟ್ಟರೆ ಮಾತ್ರ ಹೋಯಿತು" ಎಂದರು. ಈ ವರ್ಷದ ಮುದ್ರೆ ಹಾಕಿಸಿಕೊಂಡು ಬಂದೆ.

ಕ್ಯಾಂಪಿನ ಮನೆ ತಮ್ಮನ ಹೆಸರಿಗೆ ಹೋಗುತ್ತದೆ, ಅಮಾಲಾ ಅವನ ಹೆಂಡತಿ ಮಕ್ಕಳ ಜೊತೆ ಅಲ್ಲಿಯೇ ಇರುತ್ತಾಳೆ. ನಾನು ಮುಂಡಗೋಡ ಪೇಟೆಯಲ್ಲಿ ಅರ್ಷದ ಎಂಬ ಟೇಲರ್ ಮನೆಯ ಮಾಳಿಗೆಯಲ್ಲಿ ಎರಡು ಕೋಣೆ ಹಿಡಿದಿದ್ದೇನೆ. ಐದೇ ಕಿಲೋಮೀಟರ್. ಆದರೆ ಪಾತ್ರೆ ಕಟ್ಟುವಾಗ ಅತ್ತೆ. ಅಮಾಲಾ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು. ಎಂಟು ವರ್ಷದವಳಿದ್ದಾಗ ಹಿಮದಲ್ಲಿ ನಡೆದು ಈ ಕಡೆ ಬಂದವಳು ಅವಳು. ನಮ್ಮ ಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ನಾನು ಒಂದು ದೇಶ ಕಳೆದುಕೊಂಡಾಗ ಅತ್ತಿದ್ದೆ. ನೀನು ಒಂದನ್ನು ಪಡೆಯುವಾಗ ಯಾಕೆ ಅಳುತ್ತೀ?" ಆಮೇಲೆ ಅವಳೇ ಅತ್ತಳು.

ನಾಳಿದ್ದು ಆರ್.ಸಿ. ಒಪ್ಪಿಸುತ್ತೇನೆ. ಅರ್ಜಿಯನ್ನು ನಾನೇ ತುಂಬಿದ್ದೇನೆ. ಸಿಟ್ಟಾಗಬೇಡಿ.

ಯುಡೋನ್

ಇಳಕಲ್
3 ಸೆಪ್ಟೆಂಬರ್ 2025

ತಂಗಿ ಯುಡೋನ್‌ಗೆ, ಶರಣು ಶರಣಾರ್ಥಿ.

ಈ ಕಾಗದ ಚಿಕ್ಕದು, ಯಾಕೆಂದರೆ ಪಾಠ ಮಾಡುವ ಸರದಿ ನನ್ನದಲ್ಲ. ಮೂವತ್ತೊಂದು ವರ್ಷ ಪ್ರಭುತ್ವ, ರಾಷ್ಟ್ರ ಎಂದು ಬೋರ್ಡಿನ ಮೇಲೆ ಎರಡು ವೃತ್ತ ಬರೆದು ಅಳಿಸಿದ್ದೇನೆ. ಬಲವಂತವಿಲ್ಲದೆ ಪ್ರತಿವರ್ಷ ಕಟ್ಟುವ ಕಾಣಿಕೆ, ಅದಕ್ಕೊಂದು ಮುದ್ರೆ, ಇದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ನಮ್ಮಲ್ಲಿ ನೋಟೀಸು ಬರದೆ ನಳದ ತೆರಿಗೆ ಕಟ್ಟುವವರನ್ನು ನಾನು ಕಂಡಿಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ನಿನ್ನ ಅಮಾಲಾನ ಮಾತನ್ನು ಮಾದೇವಿಗೆ ಎರಡು ಸಲ ಓದಿದೆ. "ಆ ಹಿರೇರ ಕಾಲಿಗಿ ನನ್ನ ನಮಸ್ಕಾರ ಬರೀರಿ" ಎಂದಳು. ನನ್ನದನ್ನೂ ಸೇರಿಸು.

ನಿನ್ನನ್ನು ಕಂಡರೆ ನನಗೆ ಹೆಮ್ಮೆ. ಇದನ್ನು ಮೊದಲೇ ಬರೆಯಬೇಕಿತ್ತು, ಕಾಯ್ದೆ ಬರೆಯುತ್ತ ಕುಳಿತೆ.

ಅಂದಾನಪ್ಪ

ಮುಂಡಗೋಡ
9 ನವೆಂಬರ್ 2025

ಸರ್ ಅವರಿಗೆ, ಮಾದೇವಕ್ಕನಿಗೆ ನಮಸ್ಕಾರಗಳು.

ಮೊದಲು ಸುದ್ದಿ. ಪಾಸ್‌ಪೋರ್ಟ್ ಬಂತು. ನೀಲಿ ಬಣ್ಣದ್ದು, ಹೊಸ ಪುಸ್ತಕದ ವಾಸನೆ. ಅದರ ಪ್ರತಿ, ನನ್ನ ಜನನ ಪತ್ರ, ಅವಳ ಜನನ ಪತ್ರ ಹಿಡಿದುಕೊಂಡು ನ್ಯಿಮಾ ಕಚೇರಿಗೆ ಹೋದಳು. ಅವಳ ಕಾಗದಗಳನ್ನು ಒಪ್ಪಿಕೊಂಡರು. ನರ್ಸಿನ ಹುದ್ದೆಗೆ ಶುಕ್ರವಾರ ಅರ್ಜಿ ಹಾಕಿದಳು. ಆಯ್ಕೆ ಆಗುವುದು ಬಿಡುವುದು ಅವಳ ಅಂಕಗಳ ಮೇಲೆ. ಬಾಗಿಲಂತೂ ತೆರೆಯಿತು.

ಇನ್ನೊಂದು ವಿಷಯ ನಿಮಗೆ ಮಾತ್ರ ಬರೆಯುತ್ತೇನೆ. ಆಗಸ್ಟಿನಲ್ಲಿ ಆರ್.ಸಿ. ಒಪ್ಪಿಸಿದಾಗ ಸಾಹೇಬರು ಅದರ ಮೇಲೆ 'ರದ್ದು' ಎಂಬ ಮುದ್ರೆ ಒತ್ತಿ ಕಪಾಟಿಗೆ ಹಾಕಿದರು. ಹದಿನೆಂಟು ವರ್ಷದವಳಿದ್ದಾಗ ತೆಗೆಸಿದ ಫೋಟೋ ಅದರಲ್ಲಿತ್ತು, ಜಡೆ ಹಾಕಿದ್ದು. ಫೋಟೋ ಕೇಳಬೇಕೆನ್ನಿಸಿತು, ಕೇಳಲಿಲ್ಲ. ಆ ದಿನದಿಂದ ಪಾಸ್‌ಪೋರ್ಟ್ ಬರುವವರೆಗೆ ಅರವತ್ತೆಂಟು ದಿನ. ಆಧಾರ್ ಇತ್ತು, ಅದು ಪೌರತ್ವದ ಪುರಾವೆಯಲ್ಲ ಎಂದು ಅದರ ಮೇಲೆಯೇ ಬರೆದಿದೆ. ಕಾಯ್ದೆಯ ಪ್ರಕಾರ ನಾನು ಹುಟ್ಟಿನಿಂದ ಪೌರಳೇ ಎಂದು ನೀವು ಹೇಳುತ್ತೀರಿ, ಇರಬಹುದು. ಆದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಒಂದು ಸರಕಾರ ನನ್ನನ್ನು ಪರದೇಶದವರ ಪಟ್ಟಿಯಿಂದ ತೆಗೆದಿತ್ತು, ತನ್ನವರ ಪಟ್ಟಿಗೆ ಇನ್ನೂ ಸೇರಿಸಿರಲಿಲ್ಲ. ಮೊದಲ ವಾರ ಹೊರಗೆ ಹೋಗಲೂ ಹೆದರಿಕೆಯಾಯಿತು.

ಆ ಅರವತ್ತೆಂಟು ದಿನದಲ್ಲಿ ಏನೇನಾಯಿತು ಎಂದು ಬರೆಯುತ್ತೇನೆ. ಪ್ರತಿ ಬುಧವಾರ ಕ್ಯಾಂಪಿನಿಂದ ಪಕ್ಕದ ಮನೆಯ ಹೆಂಗಸರು ಬೆಣ್ಣೆ ಚಹಾದ ಫ್ಲಾಸ್ಕ್ ಹಿಡಿದು ನನ್ನ ಮಾಳಿಗೆ ಹತ್ತಿ ಬಂದರು. ಅರ್ಷದನ ಹೆಂಡತಿ ಮೊದಲ ದಿನವೇ, "ಅಕ್ಕಾ, ಇಲ್ಲಿ ನೀರ ಬೆಳಿಗ್ಗೆ ಆರಕ್ಕ ಬರ್ತಾವ, ಎಬ್ಬಸ್ತೇನಿ" ಎಂದಳು. ಮಾದೇವಕ್ಕ ಶೇಂಗಾ ಹೋಳಿಗೆ ಬಸ್ಸಿಗೆ ಹಾಕಿ ಕಳಿಸಿದಳು. ಬೇವೂರಿನ ಆ ಮುದುಕಿ ನ್ಯಿಮಾಳ ಫೋನಿನಿಂದ ನನ್ನ ಜೊತೆ ಮಾತಾಡಿ, "ನಿನ್ನ ಮಗಳ ಲಗ್ನಕ್ಕ ನನ್ನ ಬಿಟ್ಟ ಮಾಡಬ್ಯಾಡ" ಎಂದಳು. ಇಳಕಲ್ಲಿನಿಂದ ನಾಲ್ಕು ಗಿರಾಕಿಗಳು ಫೋನು ಮಾಡಿ, ಈ ಸಲ ಯಾವ ಬಣ್ಣ ತರುತ್ತೀ ಎಂದು ಕೇಳಿದರು.

ಅಷ್ಟು ದಿನವೂ, ನೀನು ಯಾರ ಪ್ರಜೆ ಎಂದು ಯಾರಾದರೂ ಕೇಳಿದ್ದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ ಸರ್. ನೀನು ಯಾರವಳು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಯುಡೋನ್